ಸ್ಕ್ರಿಮ್: ಫೋಟೊಕ್ಕೂ ಅಕ್ಷರಕ್ಕೂ ನಡುವಿನ ತೆಳು ತೆರೆ

ಫೋಟೊದ ಮೇಲೆ ಶೀರ್ಷಿಕೆ ಕೂರಿಸುವಾಗ ಎರಡರ ನಡುವೆ ಹಾಸುವ ಅರೆಪಾರದರ್ಶಕ ಪದರಕ್ಕೆ ವಿನ್ಯಾಸಕಾರರು ಸ್ಕ್ರಿಮ್ ಎನ್ನುತ್ತಾರೆ. ಪದ ಬಂದಿದ್ದು ರಂಗಭೂಮಿಯಿಂದ. ಅಲ್ಲಿ ಅದು ಜಾಳು ನೇಯ್ಗೆಯ ಬಟ್ಟೆ. ಮುಂದಿನಿಂದ ಬೆಳಕು ಬಿದ್ದರೆ ಗೋಡೆಯಂತೆ ನಿಲ್ಲುತ್ತದೆ, ಹಿಂದಿನ ದೀಪ ಹೊತ್ತಿದರೆ ಆಚೆಗಿರುವುದನ್ನೆಲ್ಲ ತೋರಿಸಿಬಿಡುತ್ತದೆ. ನಾವು ಬಳಸುವ ತಂತ್ರಾಂಶಗಳಲ್ಲಿ ಈ ಹೆಸರಿನ ಬಟನ್ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಚೌಕ ಎಳೆದು, ಕಪ್ಪು ತುಂಬಿ, ಅದರ ಗಾಢತೆಯನ್ನು ತಗ್ಗಿಸಿದರೆ ಅದೇ ಸ್ಕ್ರಿಮ್. ಓವರ್‌ಲೇ ಎಂಬುದು ಇದಕ್ಕಿಂತ ಅಗಲವಾದ ಪದ. ಚಿತ್ರದ ಮೇಲೆ ಏನನ್ನು ಹಾಸಿದರೂ ಅದು ಓವರ್‌ಲೇ. ಅಕ್ಷರ ಓದಿಸಲೆಂದೇ ಹಾಸಿದ್ದು ಸ್ಕ್ರಿಮ್.

ಮಲೆನಾಡಿನವರಿಗೆ ಇದರ ಗುಣ ಹೊಸದಲ್ಲ. ಆಗುಂಬೆಯಲ್ಲಿ ಮಂಜು ಇಳಿದ ಬೆಳಿಗ್ಗೆ ಕಣ್ಣೆದುರಿನ ಮರದ ಒಂದೊಂದು ಕೊಂಬೆಯೂ ಬಿಡಿಸಿಟ್ಟಂತೆ ಕಾಣುತ್ತದೆ. ಹಿಂದಿನ ಕಾಡು ಇದ್ದಲ್ಲೇ ಇದ್ದರೂ ಮಾಸಿ ಹಿಂದೆ ಸರಿಯುತ್ತದೆ. ಮಂಜು ಬಿಳಿಯ ಸ್ಕ್ರಿಮ್, ಕಪ್ಪು ಕೊಂಬೆ ಅದರ ಮೇಲಿನ ಅಕ್ಷರ. ಪೋಸ್ಟರಿನಲ್ಲಿ ಹೆಚ್ಚಾಗಿ ಇದರ ತಿರುವುಮುರುವನ್ನು ಮಾಡುತ್ತೇವೆ: ಕಪ್ಪು ತೆರೆ, ಬಿಳಿ ಅಕ್ಷರ.

ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಪ್ಪ ತೋಟದ ಮನೆಯಲ್ಲಿ ಅತಿಥಿಗಳನ್ನು ಉಳಿಸಿಕೊಳ್ಳಲು ಶುರು ಮಾಡಿದಾಗ ಪೋಸ್ಟರ್ ಮಾಡುವ ಕೆಲಸ ನನಗೆ ಬಂತು. ಮಳೆ ನಿಂತ ಮೇಲೆ ತೆಗೆದ ಅಡಿಕೆ ತೋಟದ ಫೋಟೊ, ಅದರ ಮೇಲೆ ‘ಮಳೆಧಾರೆ ತೋಟದ ಮನೆ’ ಎಂದು ಬಿಳಿಯಲ್ಲಿ ಬರೆದೆ. ಚಿಕ್ಕಪ್ಪ ಮೊಬೈಲಿನಲ್ಲಿ ನೋಡಿ, “ಹೆಸರು ಎಲ್ಲಿದೆ ಮಾರಾಯ? ನನಗೆ ಸೋಗೆಯೇ ಕಾಣುತ್ತದೆ” ಎಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಅಡಿಕೆಯ ಸೋಗೆ ಎಂದರೆ ಉದ್ದುದ್ದ ಸೀಳುಗಳು, ಆ ಸೀಳುಗಳ ನಡುವೆ ಆಕಾಶದ ಬಿಳಿ ತುಣುಕುಗಳು. ನನ್ನ ಅಕ್ಷರದ ಗೆರೆ ಎಷ್ಟು ದಪ್ಪವಿತ್ತೋ ಸೋಗೆಯ ಸೀಳೂ ಸುಮಾರು ಅಷ್ಟೇ ದಪ್ಪವಿತ್ತು. ಯಾವ ಗೆರೆ ಅಕ್ಷರದ್ದು, ಯಾವುದು ಎಲೆಯದ್ದು ಎಂದು ಕಣ್ಣಿಗೆ ಬೇರ್ಪಡಿಸಲು ಆಗಲಿಲ್ಲ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಅಕ್ಷರಕ್ಕೆ ಬಲಕ್ಕೂ ಕೆಳಕ್ಕೂ ಸರಿದ ಗಟ್ಟಿ ಕಪ್ಪು ನೆರಳು. ಕನ್ನಡಕ್ಕೆ ಇದು ವಿಶೇಷವಾಗಿ ಒಗ್ಗುವುದಿಲ್ಲ. ‘ದ’ವನ್ನು ‘ಧ’ ಮಾಡುವುದು ಅಡಿಯ ಒಂದು ಚಿಕ್ಕ ಗೀಟು. ಆ ಬಿಳಿ ಗೀಟಿನ ಪಕ್ಕದಲ್ಲೇ ಅಷ್ಟೇ ಉದ್ದದ ಕಪ್ಪು ಗೀಟು ಮೂಡಿತು, ‘ಳೆ’ಯ ಸುರುಳಿಯೊಳಗೆ ಅರ್ಧ ನೆರಳು, ಅರ್ಧ ಎಲೆ ತುಂಬಿಕೊಂಡಿತು. ಗೆರೆಗಳು ಮೊದಲೇ ಹೆಚ್ಚಾಗಿದ್ದ ಜಾಗಕ್ಕೆ ಇನ್ನಷ್ಟು ಗೆರೆ ಸೇರಿಸಿದಂತಾಯಿತು. ಒತ್ತಕ್ಷರವಿದ್ದರೆ ಮೇಲಿನ ಅಕ್ಷರದ ನೆರಳು ನೇರವಾಗಿ ಒತ್ತಿನ ಬಳಿಗೇ ಬಂದು ಬೀಳುತ್ತದೆ.

ಆಮೇಲೆ ಸ್ಕ್ರಿಮ್ ಹಾಕಿದೆ. ಎಷ್ಟು ಗಾಢ ಇರಬೇಕು ಎಂಬುದು ಊಹೆಯ ಮಾತಲ್ಲ, ಅದಕ್ಕೆ ಲೆಕ್ಕವಿದೆ. ಅಕ್ಷರದ ಹೊಳಪಿಗೂ ಹಿನ್ನೆಲೆಯ ಹೊಳಪಿಗೂ ಇರುವ ಅನುಪಾತವನ್ನು ಕಾಂಟ್ರಾಸ್ಟ್ ಎನ್ನುತ್ತೇವೆ. ಶುದ್ಧ ಕಪ್ಪಿನ ಮೇಲೆ ಶುದ್ಧ ಬಿಳಿ ಇದ್ದರೆ ಅದು 21:1. ವೆಬ್ ಪುಟಗಳಿಗೆ ರೂಪಿಸಿದ WCAG ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಕೇಳುತ್ತದೆ. ಫೋಟೊದಲ್ಲಿ ಪೂರ್ತಿ ಬಿಳಿಯ ತುಣುಕೊಂದು ಇದೆ ಎಂದುಕೊಳ್ಳಿ. ಅದರ ಮೇಲೆ 40% ಕಪ್ಪು ಹಾಸಿದರೆ ಬಿಳಿ ಅಕ್ಷರಕ್ಕೆ ಸಿಗುವುದು ಸುಮಾರು 2.85:1 ಮಾತ್ರ. 3:1 ಮುಟ್ಟಲು 42% ಬೇಕು, 4.5:1 ಮುಟ್ಟಲು 54% ಬೇಕು. ಈ ಎರಡು ಅಂಕಿಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ಹಿನ್ನೆಲೆಯಲ್ಲಿ ಪೂರ್ತಿ ಬಿಳಿ ಇಲ್ಲದಿದ್ದರೆ ಇಷ್ಟು ಬೇಕಾಗುವುದಿಲ್ಲ, ಆದರೆ ಸೋಗೆಯ ಸಂದಿನ ಆಕಾಶ ಬಿಳಿಗೆ ತೀರ ಹತ್ತಿರವೇ ಇರುತ್ತದೆ.

ಇಡೀ ಫೋಟೊಕ್ಕೆ 54% ಕಪ್ಪು ಬಳಿದರೆ ಮಳೆ ತೊಳೆದ ಹಸಿರೆಲ್ಲ ಸತ್ತುಹೋಗುತ್ತದೆ. ಅದಕ್ಕೇ ಗ್ರೇಡಿಯಂಟ್ ಬಳಸುವುದು: ಮೇಲೆ ಏನೂ ಇಲ್ಲದೆ, ಕೆಳಗಿಳಿದಂತೆ ಗಾಢವಾಗುವ ತೆರೆ. ನಾನು ಎಡವಿದ್ದು ಇಲ್ಲೇ. ನನ್ನ ಪೋಸ್ಟರ್ 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರ. ತೆರೆ ಸರಿಯಾಗಿ ನಡುಮಧ್ಯದಲ್ಲಿ, ಅಂದರೆ 675ರಲ್ಲಿ, ಸೊನ್ನೆಯಿಂದ ಶುರುವಾಗಿ ತಳದಲ್ಲಿ 80% ಆಗುತ್ತಿತ್ತು. 80% ಎಂದಾಗ ಧಾರಾಳವಾಯಿತು ಎನ್ನಿಸುತ್ತದೆ. ಆದರೆ ಎರಡು ಸಾಲಿನ ಶೀರ್ಷಿಕೆ ಕುಳಿತಿದ್ದು 1000ದಿಂದ 1200ರವರೆಗೆ. ಮೇಲಿನ ಸಾಲಿನ ತಲೆಕಟ್ಟು ಇರುವ ಜಾಗದಲ್ಲಿ ತೆರೆಯ ಗಾಢತೆ ಬರೀ 39%, ಕೆಳಗಿನ ಸಾಲಿನ ಬುಡದಲ್ಲಿ 62%. ‘ತೋಟದ ಮನೆ’ ಚೆನ್ನಾಗಿ ಕಂಡಿತು, ‘ಮಳೆಧಾರೆ’ಯ ತಲೆಕಟ್ಟುಗಳು ಆಕಾಶದಲ್ಲಿ ಕರಗಿದವು. 80% ಇದ್ದದ್ದು ಅಕ್ಷರವೇ ಇಲ್ಲದ ತಳದಲ್ಲಿ.

ಆದ್ದರಿಂದ ಅಳೆಯಬೇಕಾದದ್ದು ತೆರೆಯ ಅತಿ ಗಾಢ ತುದಿಯನ್ನಲ್ಲ, ಶೀರ್ಷಿಕೆಯ ಮೇಲಂಚಿನ ಹಿಂದೆ ಇರುವ ಅತಿ ಬೆಳ್ಳಗಿನ ಚುಕ್ಕಿಯನ್ನು. ಬಣ್ಣ ಹೆಕ್ಕುವ ಉಪಕರಣವನ್ನು ಅಲ್ಲಿಟ್ಟು, ಸಿಕ್ಕ ಬಣ್ಣವನ್ನು ಬಿಳಿಯೊಂದಿಗೆ ಕಾಂಟ್ರಾಸ್ಟ್ ಲೆಕ್ಕ ಹಾಕುವ ಯಾವುದಾದರೂ ಸಾಧನಕ್ಕೆ ಕೊಟ್ಟರೆ ಉತ್ತರ ಸಿಗುತ್ತದೆ. ನಾನು ತೆರೆಯನ್ನು 500ರಲ್ಲಿ ಶುರು ಮಾಡಿ, 960ರ ಹೊತ್ತಿಗೆ 58% ಮುಟ್ಟಿಸಿ, ಅಲ್ಲಿಂದ ತಳದವರೆಗೆ ಹಾಗೇ ಉಳಿಸಿದೆ. ಶುರುವಾಗುವ ಕಡೆ ಏರಿಕೆ ನಿಧಾನವಾಗಿರಬೇಕು. ನೇರ ಏರಿಕೆ ಇದ್ದರೆ ಕಪ್ಪು ಆರಂಭವಾದ ಜಾಗದಲ್ಲಿ ಅಡ್ಡಗೆರೆಯೊಂದು ಇದ್ದಂತೆ ಭಾಸವಾಗುತ್ತದೆ. ನಡುವೆ, 730ರ ಬಳಿ, 18%ರ ಇನ್ನೊಂದು ಬಿಂದು ಸೇರಿಸಿದ ಮೇಲೆ ಆ ಗೆರೆ ಮಾಯವಾಯಿತು.

ಬಣ್ಣದ ಮಾತೂ ಒಂದಿದೆ. ಬಿಳಿ ಆಕಾಶದ ಮೇಲೆ ಶುದ್ಧ ಕಪ್ಪು ಹಾಸಿದರೆ ಬೂದಿಬಣ್ಣ ಬರುತ್ತದೆ, ತೋಟ ಹೊಗೆ ಹಿಡಿದಂತೆ ಕಾಣುತ್ತದೆ. ತೋಟದ ಬುಡದ ನೆರಳಿನಲ್ಲಿರುವ ಕಡುಹಸಿರನ್ನೇ ಹೆಕ್ಕಿ ತೆರೆಗೆ ತುಂಬಿದೆ. ಕಡುಹಸಿರು ಕಪ್ಪಿನಷ್ಟು ಕಪ್ಪಲ್ಲ, ಹಾಗಾಗಿ ಗಾಢತೆಯನ್ನು 58ರಿಂದ 66ಕ್ಕೆ ಏರಿಸಿ ಮತ್ತೆ ಅಳೆದೆ.

ಇಷ್ಟಾದರೂ ಸೋಗೆಯ ಸೀಳುಗಳು ಮಸುಕಾಗಿ ಉಳಿದಿದ್ದವು. ತೆರೆ ಹೊಳಪನ್ನು ತಗ್ಗಿಸುತ್ತದೆ, ಗೆರೆಗಳನ್ನು ಅಳಿಸುವುದಿಲ್ಲ. ಅದಕ್ಕೆ ಫೋಟೊದ ಪ್ರತಿಯೊಂದನ್ನು ಮಾಡಿ, ಸೀಳುಗಳ ಅಂಚು ಕರಗುವಷ್ಟು ಬ್ಲರ್ ಕೊಟ್ಟು, ತೆರೆಯ ಆಕಾರದಲ್ಲೇ ಮೆಲ್ಲಗೆ ಮರೆಯಾಗುವ ಮಾಸ್ಕ್ ಹಾಕಿ ತೆರೆಯ ಕೆಳಗೆ ಇಟ್ಟೆ. ಕೊನೆಗೆ ಅಕ್ಷರಕ್ಕೆ ನೆರಳು ಕೊಟ್ಟೆ, ಆದರೆ ಈ ಸಲ ಯಾವ ಕಡೆಗೂ ಸರಿಯದ, ಅಗಲವಾಗಿ ಹರಡಿದ, ಇದೆಯೆಂದೇ ಗೊತ್ತಾಗದ ನೆರಳು. ಅಕ್ಷರದ ಎತ್ತರ 90 ಇದ್ದಲ್ಲಿ ಬ್ಲರ್ 28, ಗಾಢತೆ 45%. ಅದು ಗೀಟನ್ನು ಇಮ್ಮಡಿಸುವುದಿಲ್ಲ, ಅಕ್ಷರದ ಸುತ್ತಲಿನ ಜಾಗವನ್ನು ಸ್ವಲ್ಪ ಕಪ್ಪಾಗಿಸುತ್ತದೆ ಅಷ್ಟೇ.

ಪರೀಕ್ಷೆಗೆ ಪೋಸ್ಟರನ್ನು ಎರಡು ಬೆರಳಗಲಕ್ಕೆ ಕುಗ್ಗಿಸಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ ನೋಡುತ್ತೇನೆ. ಆಗ ‘ಧಾ’ ‘ದಾ’ ಎಂದು ಕಂಡರೆ ಕೆಲಸ ಮುಗಿದಿಲ್ಲ. ಫೋಟೊದ ಮುಖ್ಯ ವಸ್ತುವೇ ಶೀರ್ಷಿಕೆಯ ಕೆಳಗೆ ಸಿಕ್ಕಿಬಿದ್ದಿದ್ದರೆ ಸ್ಕ್ರಿಮ್ ನೆರವಿಗೆ ಬರುವುದಿಲ್ಲ. ಜೋಗದ ಫೋಟೊದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ನಡುವೆ ಬಿಳಿಯಾಗಿ ಬೀಳುತ್ತಿರುತ್ತವೆ. ಅದರ ಮೇಲೆ ಕಪ್ಪು ಹಾಸಿದರೆ ನೋಡಲು ಬಂದದ್ದನ್ನೇ ಮುಚ್ಚಿದಂತೆ. ಅಲ್ಲಿ ಹೆಸರನ್ನು ಪಕ್ಕದ ಕಡುಬಂಡೆಯ ಮೇಲಕ್ಕೆ ಸರಿಸಿದರೆ ಸಾಕು, ಎಷ್ಟೋ ಸಲ ತೆರೆಯೇ ಬೇಕಾಗುವುದಿಲ್ಲ.