ಮ್ಯಾಚ್ ನಡುವೆ ಫೋನ್ ಕಿತ್ತುಕೊಂಡರೆ

ನನ್ನ ಕೋಣೆಗೆ ಬರುವ ಅಪ್ಪ ಅಮ್ಮಂದಿರು ಕುರ್ಚಿ ಎಳೆದುಕೊಳ್ಳುವಾಗಲೇ ಕೇಳುತ್ತಾರೆ: "ಮೇಡಂ, ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಕೊಡಬಹುದು?" ಹದಿಹರೆಯದ ಮಕ್ಕಳ ವಿಷಯದಲ್ಲಿ ಇದಕ್ಕೆ ಹೇಳುವಂಥ ಅಂಕಿ ನನ್ನ ಹತ್ತಿರ ಇಲ್ಲ. ಇಲ್ಲ ಎಂದರೆ "ಇಷ್ಟು ದೂರ ಬಂದಿದ್ದು ಇದನ್ನ ಕೇಳೋಕಾ" ಎಂಬಂತೆ ನೋಡುತ್ತಾರೆ. ಎರಡು ಗಂಟೆ ಎಂದು ಎಲ್ಲೋ ಓದಿಕೊಂಡೇ ಬಂದಿರುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಿಂದೆ ಹಾಗೆ ಹೇಳುತ್ತಿದ್ದದ್ದು ನಿಜ. ಆದರೆ 2016ರಲ್ಲಿ ದೊಡ್ಡ ಮಕ್ಕಳ ಮಟ್ಟಿಗೆ ಆ ಲೆಕ್ಕವನ್ನು ಅವರೇ ಕೈಬಿಟ್ಟರು.

ಗಂಟೆಯ ಲೆಕ್ಕದಿಂದ ತಿಳಿಯುವುದು ಕಡಿಮೆ. ಗಂಟೆಗಳನ್ನು ಎಣಿಸಿ ಮಕ್ಕಳ ನೆಮ್ಮದಿಯನ್ನು ಅಳೆಯಲು ಹೊರಟವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಬಹಳ ಸಣ್ಣ ನಂಟು. 2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್ಸ್ಕಿ ಮೂರು ದೊಡ್ಡ ಸಮೀಕ್ಷೆಗಳಿಂದ 3.55 ಲಕ್ಷ ಹದಿಹರೆಯದವರ ಮಾಹಿತಿ ತೆಗೆದು ನೋಡಿದರು. ಒಂದು ಮಗುವಿನ ನೆಮ್ಮದಿಗೂ ಇನ್ನೊಂದರದ್ದಕ್ಕೂ ಇರುವ ವ್ಯತ್ಯಾಸದಲ್ಲಿ ಪರದೆಯ ಬಳಕೆಯ ಜೊತೆ ಸೇರಿಸಿ ಹೇಳಬಹುದಾದದ್ದು ಹೆಚ್ಚೆಂದರೆ ಶೇ 0.4. ಹಾಗಂತ "ನೋಡಿ, ಏನೂ ಆಗಲ್ಲ" ಎಂದು ಯಾರೂ ಮನೆಗೆ ಹೋಗಬೇಕಿಲ್ಲ. ಇದು ಲಕ್ಷಾಂತರ ಮಕ್ಕಳ ಸರಾಸರಿ. ಅದರೊಳಗೆ ಆಟದಿಂದ ಖುಷಿಯಾಗಿರುವವರೂ ಇದ್ದಾರೆ, ಆಟದಲ್ಲಿ ಮುಳುಗಿ ಹೋದವರೂ ಇದ್ದಾರೆ. ಅಲ್ಲದೆ ಎಷ್ಟು ಹೊತ್ತು ಎಂದು ಮಕ್ಕಳು ತಾವೇ ಹೇಳಿದ್ದು ಫೋನಿನ ದಾಖಲೆಗೆ ತಾಳೆಯಾಗುವುದು ಕಡಿಮೆ. ನಾನು ಹೇಳುವುದು ಇಷ್ಟೇ: ನಿಮ್ಮ ಮಗ ಯಾವ ಗುಂಪಿನವನು ಎಂಬುದನ್ನು ಗಂಟೆಯ ಲೆಕ್ಕ ಹೇಳಿಕೊಡುವುದಿಲ್ಲ.

ಏನು ನೋಡಬೇಕು ಹಾಗಾದರೆ? ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ 'ಗೇಮಿಂಗ್ ಡಿಸಾರ್ಡರ್' ಸೇರಿಸಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಆ ವಿವರಣೆಯಲ್ಲಿ ಗಂಟೆಯ ಸುದ್ದಿಯೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಉಳಿದೆಲ್ಲಕ್ಕಿಂತ ಆಟವೇ ಮೊದಲಾಗಿದೆಯೇ, ಹಾನಿ ಕಣ್ಣಿಗೆ ಕಂಡರೂ ಮುಂದುವರಿದಿದೆಯೇ, ಇವುಗಳಿಂದ ಓದು, ಮನೆ, ಸ್ನೇಹ ಗಂಭೀರವಾಗಿ ಕೆಟ್ಟಿವೆಯೇ ಎಂದು ಕೇಳುತ್ತದೆ. ಅದೂ ಸಾಮಾನ್ಯವಾಗಿ ಒಂದು ವರ್ಷದ ಉದ್ದಕ್ಕೂ. "ಇವನಿಗೆ ಅಡಿಕ್ಷನ್ ಆಗಿದೆ" ಎಂದು ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳುವವರಲ್ಲಿ ಹೆಚ್ಚಿನವರ ಮಕ್ಕಳು ಈ ಅಳತೆಗೆ ಬರುವುದಿಲ್ಲ. ಬಂದಾಗ ಅದು ತಮಾಷೆಯ ವಿಷಯವಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಗಂಟೆಯ ಲೆಕ್ಕದ ಮೇಲೆ ನನಗಿರುವ ನಿಜವಾದ ಸಿಟ್ಟು ಬೇರೆ. ಅದು ಅಪ್ಪ ಅಮ್ಮಂದಿರನ್ನು ಗಡಿಯಾರ ಹಿಡಿದ ಪೊಲೀಸರನ್ನಾಗಿ ಮಾಡುತ್ತದೆ. ಒಂಬತ್ತು ಹೊಡೆಯಿತು, "ಇಡು ಅಂದ್ನಲ್ಲ" ಎಂದು ಒಂದು ಕೂಗು, ಆಮೇಲೆ ಫೋನ್ ಕಿತ್ತುಕೊಳ್ಳುವುದು. ಇದನ್ನು ಮಾಡಬೇಡಿ ಎಂದು ಎಷ್ಟು ಹೇಳಿದರೂ ತಲೆಯಾಡಿಸಿ ಹೋಗಿ ಅದನ್ನೇ ಮಾಡುತ್ತಾರೆ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ಮಗ ಆಡುವುದು ಬಿಜಿಎಂಐ ಎಂದಿಟ್ಟುಕೊಳ್ಳಿ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ನಾಲ್ಕು ಜನರ ಸ್ಕ್ವಾಡ್, ಒಂದು ಮ್ಯಾಚ್ ಕೊನೆವರೆಗೆ ಹೋದರೆ ಅರ್ಧ ಗಂಟೆ. ಅದನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಇಪ್ಪತ್ತೈದನೇ ನಿಮಿಷದಲ್ಲಿ ಉಳಿದವರು ಹತ್ತೋ ಹನ್ನೆರಡೋ ಮಂದಿ, ಜಾಗ ಕಿರಿದಾಗುತ್ತಿದೆ, ಕಿವಿಯಲ್ಲಿ ಮೂವರು ಗೆಳೆಯರು ಕೂಗುತ್ತಿದ್ದಾರೆ. ಆಗ ನೀವು "ಊಟಕ್ಕೆ ಬಾ" ಅಂತೀರಿ, ಬರಲಿಲ್ಲವೆಂದು ಫೋನ್ ಎಳೀತೀರಿ. ಕಬಡ್ಡಿಯಲ್ಲಿ ರೈಡಿಗೆ ಹೋದವನ ಕಾಲನ್ನು ಅವನ ಮನೆಯವರೇ ಬಂದು ಹಿಡಿದೆಳೆದಂತೆ ಅದು. ರ‍್ಯಾಂಕ್ ಬೀಳುತ್ತದೆ, ಮರುದಿನ ಕ್ಲಾಸಿನಲ್ಲಿ "ನಿಮ್ಮಪ್ಪ ಬಂದ್ರಾ" ಎಂದು ಗೇಲಿ ಕೇಳಬೇಕಾಗುತ್ತದೆ. ಹದಿನಾಲ್ಕು ವರ್ಷದವನಿಗೆ ಎರಡನೆಯದೇ ದೊಡ್ಡ ನಷ್ಟ.

ಅವನು ಕಿರುಚುತ್ತಾನೆ, ಬಾಗಿಲು ಬಡಿಯುತ್ತಾನೆ, ಊಟ ಬಿಡುತ್ತಾನೆ. ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಕರುಳು ಚುರ್ ಅನ್ನುತ್ತದೆ, ಎರಡು ಚಪಾತಿ ತಿನ್ನಲಿ ಎಂದು ಫೋನ್ ವಾಪಸ್ ಕೊಡುತ್ತಾರೆ. ಕೂಗಾಡಿದರೆ ಫೋನ್ ಬರುತ್ತದೆ ಎಂದು ಅವನು ಕಲಿತ, ಕೊಟ್ಟರೆ ಮನೆ ತಣ್ಣಗಾಗುತ್ತದೆ ಎಂದು ಅಮ್ಮ ಕಲಿತರು. ಇಬ್ಬರಿಗೂ ಲಾಭ, ಹಾಗಾಗಿ ಇಬ್ಬರೂ ಮತ್ತೆ ಅದನ್ನೇ ಮಾಡುತ್ತಾರೆ. ಇದು ನನ್ನ ಊಹೆಯಲ್ಲ. ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಹಟಮಾರಿ ಮಕ್ಕಳ ಮನೆಗಳನ್ನು ಗಮನಿಸಿ ಈ ಸುತ್ತನ್ನು ವಿವರಿಸಿದ್ದು ಮೊಬೈಲ್ ಬರುವುದಕ್ಕೆ ಎಷ್ಟೋ ಮೊದಲು. ದಿನಾ ವಾಪಸ್ ಕೊಡುವುದಕ್ಕಿಂತ ಕೆಲವು ದಿನ ಕೊಟ್ಟು ಕೆಲವು ದಿನ ಕೊಡದಿರುವುದು ಇನ್ನೂ ಕೆಟ್ಟದ್ದು. ಇವತ್ತು ಸಿಗಬಹುದೇನೋ ಎಂಬ ಆಸೆ ಇದ್ದಷ್ಟೂ ಕೂಗಾಟ ಗಟ್ಟಿಯಾಗುತ್ತದೆ. ಇಷ್ಟಾದ ಮೇಲೆ "ಫೋನ್ ತಗೊಂಡ್ರೆ ಹುಚ್ಚನ ಥರ ಆಡ್ತಾನೆ, ಅದಕ್ಕೇ ಅಡಿಕ್ಷನ್ ಅಂದಿದ್ದು" ಎನ್ನುತ್ತಾರೆ. ಆ ಹುಚ್ಚಿನಲ್ಲಿ ಆಟದ ಪಾಲೆಷ್ಟು, ಕಿತ್ತುಕೊಂಡದ್ದರ ಪಾಲೆಷ್ಟು ಎಂದು ಬೇರ್ಪಡಿಸದೆ ನಾನು ಯಾವ ಹೆಸರನ್ನೂ ಕೊಡುವುದಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂಬತ್ತನೇ ತರಗತಿ ಹುಡುಗ, ಅಪ್ಪನದ್ದು ಹಾರ್ಡ್‌ವೇರ್ ಅಂಗಡಿ, ಮನೆಯಲ್ಲಿ ಅಮ್ಮ ಮತ್ತು ಅಜ್ಜಿ. "ದಿನಕ್ಕೆ ಎಂಟು ಗಂಟೆ ಆಡ್ತಾನೆ" ಎಂಬುದು ದೂರು. ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಬಿಜಿಎಂಐನಲ್ಲಿ ಯಾವ ಟಿಯರ್, ಅಂದರೆ ಯಾವ ಮಟ್ಟದಲ್ಲಿದ್ದೀಯ ಎಂದು ಕೇಳಿದೆ. "ಕ್ರೌನ್, ಮೇಡಂ" ಎಂದು ಮೊದಲ ಸಲ ತಲೆ ಎತ್ತಿದ. ಅವನ ಒಪ್ಪಿಗೆ ಪಡೆದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದೆವು. ಎಲ್ಲ ಸೇರಿ ದಿನಕ್ಕೆ ನಾಲ್ಕೂವರೆ ಗಂಟೆ, ಆಟ ಅದರಲ್ಲಿ ಎರಡೂವರೆ. ಆದರೆ ಆ ಎರಡೂವರೆಯ ಬಹುಪಾಲು ರಾತ್ರಿ ಹನ್ನೊಂದರ ನಂತರ, ಹೊದಿಕೆಯೊಳಗೆ. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್. ನಿದ್ದೆ ಐದು ಗಂಟೆಗಿಂತ ಸ್ವಲ್ಪ ಹೆಚ್ಚು, ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು.

ಸಂಜೆ ಆಡಿದ್ದರೆ ಅದೇ ಎರಡೂವರೆ ಗಂಟೆಯ ಬಗ್ಗೆ ನಾನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಪರದೆಯ ಬಗೆಗಿನ ಪುರಾವೆಗಳಲ್ಲಿ ಹೆಚ್ಚು ಗಟ್ಟಿಯಾಗಿರುವುದು ನಿದ್ದೆಯದ್ದೇ. 2016ರಲ್ಲಿ 20 ಅಧ್ಯಯನಗಳನ್ನು, ಅಂದರೆ ಸುಮಾರು 1.25 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ, ಮಲಗುವ ಹೊತ್ತಿಗೆ ಫೋನ್ ಬಳಸುವವರಲ್ಲಿ ನಿದ್ದೆ ಸಾಲದಿರುವ ಸಂಭವ ಸುಮಾರು ಎರಡು ಪಟ್ಟು ಕಂಡಿತು. ಬಳಸದೆ ಸುಮ್ಮನೆ ಕೈಗೆಟಕುವಂತೆ ಇಟ್ಟುಕೊಂಡವರಲ್ಲೂ ನಂಟು ಕಂಡಿತು.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಏಳನೆಯವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮ. ಗಣಿತದ ಮೊದಲ ಕಿರುಪರೀಕ್ಷೆಯಲ್ಲಿ ಫೇಲು, ಬೋರ್ಡಿನ ಮುಂದೆ ನಿಲ್ಲಿಸಿ ಬೈದದ್ದು. ಆಟ ಜೋರಾದದ್ದು ಅದರ ನಂತರದ ತಿಂಗಳಲ್ಲಿ. ಆಟದಿಂದ ಓದು ಕೆಟ್ಟಿತೋ, ಓದು ಕೆಟ್ಟದ್ದಕ್ಕೆ ಆಟ ಹಿಡಿಯಿತೋ? ಎರಡೂ ಆಗುತ್ತದೆ. ಸಿಂಗಪುರದಲ್ಲಿ 3,000ಕ್ಕೂ ಹೆಚ್ಚು ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ದುಡುಕುತನ, ಇತರರೊಡನೆ ಬೆರೆಯಲಾಗದಿರುವುದು ಆಟದ ಗೀಳಿಗೆ ಮೊದಲೇ ಇದ್ದವು. ಖಿನ್ನತೆ, ಆತಂಕ, ಅಂಕ ಕುಸಿದದ್ದು ಆಮೇಲೆ ಬಂದವು. ಈ ಹುಡುಗನಲ್ಲಿ ಮಾತ್ರ ಸೋಲು ಮೊದಲು ಬಂದಿತ್ತು, ಕ್ರೌನ್ ಆಮೇಲೆ.

ನಾವು ಮಾಡಿಕೊಂಡ ಒಪ್ಪಂದದಲ್ಲಿ ನಿಮಿಷಗಳಿರಲಿಲ್ಲ, ಮ್ಯಾಚ್‌ಗಳಿದ್ದವು. ಶಾಲೆಯಿರುವ ದಿನ ಸಂಜೆ ಮೂರು ಮ್ಯಾಚ್. ರಾತ್ರಿ ಎಂಟೂವರೆಯ ನಂತರ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ, ಶುರುವಾದದ್ದನ್ನು ಮುಗಿಸಬಹುದು. ಗೆರೆ ಶುರುವಿಗೆ ಎಳೆಯಬೇಕೇ ಹೊರತು ಮುಗಿಯುವುದಕ್ಕಲ್ಲ, ಎಲ್ಲರೂ ಎಡವುವುದು ಇಲ್ಲೇ. ಮೀರಿದರೆ ಕೂಗಾಟವಿಲ್ಲ, ಕಿತ್ತುಕೊಳ್ಳುವುದಿಲ್ಲ, ಮರುದಿನ ಒಂದು ಮ್ಯಾಚ್ ಕಡಿಮೆ. ಹತ್ತಕ್ಕೆ ಮನೆಯ ಎಲ್ಲ ಫೋನ್‌ಗಳೂ ಹಾಲ್‌ನಲ್ಲಿ ಚಾರ್ಜಿಗೆ, ಅಪ್ಪನದ್ದೂ ಸೇರಿ. ಇದಕ್ಕೆ ಅಪ್ಪ ಮಗನಿಗಿಂತ ಹೆಚ್ಚು ಚೌಕಾಸಿ ಮಾಡಿದರು, ಸಪ್ಲೈಯರ್ ಫೋನ್ ಬರುತ್ತದಂತೆ. ಗಣಿತಕ್ಕೆ ಏಳನೇ ತರಗತಿಯ ಭಿನ್ನರಾಶಿಯಿಂದ, ಕನ್ನಡದಲ್ಲೇ ಹೇಳಿಕೊಡುವ ಒಬ್ಬ ಮೇಷ್ಟ್ರನ್ನು ಹುಡುಕಿದೆವು.

ಮೊದಲ ವಾರ ಎಲ್ಲವೂ ಇನ್ನೂ ಕೆಟ್ಟಿತು. ಕೆಡುತ್ತದೆ ಎಂದು ಮೊದಲೇ ಹೇಳಿರಬೇಕು. ಇಷ್ಟು ದಿನ ಕೆಲಸ ಮಾಡುತ್ತಿದ್ದ ಕೂಗಾಟ ಈಗ ಯಾಕೆ ಮಾಡುತ್ತಿಲ್ಲ ಎಂದು ಹುಡುಗ ಇನ್ನೂ ಜೋರಾಗಿ ಕೂಗಿ ನೋಡುತ್ತಾನೆ. ಅಲ್ಲಿ ಮಣಿದರೆ ಮೊದಲಿಗಿಂತ ಕಷ್ಟ. ಒಂದು ದಿನ ತಟ್ಟೆ ಹಾರಿತು, ಅಮ್ಮ ಗಟ್ಟಿಯಾಗಿ ನಿಂತರು. ಆದರೂ ಅವನ ಕಣ್ಣು ಬೆಳಿಗ್ಗೆ ಕೆಂಪಗೇ ಇರುತ್ತಿತ್ತು. ಅಜ್ಜಿ "ಪಾಪ, ಕೂಸು" ಎಂದು ತಮ್ಮ ಫೋನನ್ನು ರಾತ್ರಿ ಕೊಡುತ್ತಿದ್ದರು! ಅಜ್ಜಿಯಂದಿರನ್ನು ಬಿಟ್ಟು ಯಾವ ಒಪ್ಪಂದವೂ ನಮ್ಮ ಮನೆಗಳಲ್ಲಿ ನಿಲ್ಲುವುದಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆಸಿದೆ. ತಿಂಗಳ ಕೊನೆಗೆ ಹನ್ನೊಂದರ ಒಳಗೆ ನಿದ್ದೆ ಬರುತ್ತಿತ್ತು, ಜಗಳ ವಾರಕ್ಕೆ ಒಂದೆರಡಕ್ಕೆ ಇಳಿದಿತ್ತು. ಹುಡುಗ ಈಗಲೂ ಆಡುತ್ತಾನೆ, ಗಣಿತದಲ್ಲಿ ಪಾಸಾಗುತ್ತಾನೆ, ಅಷ್ಟೇ.

ಮನೆಯೊಂದೇ ಅಲ್ಲ, ಚೀನಾದಂಥ ಸರ್ಕಾರವೇ ಗಡಿಯಾರ ಹಿಡಿದು ನೋಡಿದೆ. 2019ರಲ್ಲಿ ಅಲ್ಲಿ 18 ದಾಟದವರಿಗೆ ಸಾಮಾನ್ಯ ದಿನ ಒಂದೂವರೆ ಗಂಟೆಯ ಮಿತಿ ಬಂತು. ಆಟದ ದಾಖಲೆಗಳನ್ನೇ ತೆಗೆದು ನೋಡಿದ ಸಂಶೋಧಕರಿಗೆ ವಿಪರೀತ ಆಡುವುದು ಕಡಿಮೆಯಾದದ್ದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ. ಆ ದಾಖಲೆಗಳಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ಬೇರೆ ಮಾಡಿ ನೋಡಲು ಬರುತ್ತಿರಲಿಲ್ಲ, ಹಾಗಾಗಿ ಅದನ್ನೇ ಕೊನೆಯ ಮಾತು ಎನ್ನಲಾರೆ.

ಮೇಲಿನದ್ದೆಲ್ಲ ಸಾಧಾರಣ ಮನೆಗಳಿಗೆ. ವಾರಗಟ್ಟಲೆ ಶಾಲೆಗೆ ಹೋಗದವನು, ಹಗಲು ರಾತ್ರಿ ಅದಲು ಬದಲಾದವನು, ಆಟಕ್ಕಾಗಿ ದುಡ್ಡು ಕದಿಯುವವನು, ಮನೆಯವರ ಮೇಲೆ ಕೈ ಮಾಡುವವನು, ಗೆಳೆಯರೊಡನೆ ಆಡುವುದನ್ನೂ ಬಿಟ್ಟು ಮಂಕಾದವನು, ಇವರಿಗೆ ಮ್ಯಾಚ್ ಲೆಕ್ಕ ಸಾಲದು. ಖಿನ್ನತೆ, ಗಮನ ನಿಲ್ಲದ ಎಡಿಎಚ್‌ಡಿ ತೊಂದರೆ ಇದೆಯೇ ಎಂದು ಮನೋವೈದ್ಯರು ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. "ಫೋನ್ ಕೊಡದಿದ್ರೆ ಸಾಯ್ತೀನಿ" ಎಂದವನ ಮಾತನ್ನು ನಾಟಕ ಎಂದು ನೀವು ತೀರ್ಮಾನಿಸಬೇಡಿ. ಅವನನ್ನು ಒಬ್ಬನನ್ನೇ ಬಿಡದೆ, ಆ ದಿನವೇ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

"ಅವನು ಬರೋದೇ ಇಲ್ಲ ಅಂತಾನೆ ಮೇಡಂ" ಎಂದು ಸುಮ್ಮನಾಗುವವರಿದ್ದಾರೆ. ಬರದಿದ್ದರೆ ನೀವಿಬ್ಬರೇ ಬನ್ನಿ. ಬರುವಾಗ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆದು ತನ್ನಿ: ಎಷ್ಟಕ್ಕೆ ಮಲಗಿದ, ಎಷ್ಟಕ್ಕೆ ಎದ್ದ, ಜಗಳವಾದಾಗ ಫೋನ್ ಕೊನೆಗೆ ವಾಪಸ್ ಕೊಟ್ಟವರು ಯಾರು.