ಸರ್ವರ್ ಉತ್ತರಿಸದಿದ್ದಾಗ ಫ್ಲ್ಯಾಗ್ ಏನು ಹೇಳುತ್ತದೆ?

ಫೀಚರ್ ಫ್ಲ್ಯಾಗ್ ಸೇರಿಸುವ ಪುಲ್ ರಿಕ್ವೆಸ್ಟ್ ಪರಿಶೀಲನೆಗೆ ಬಂದಾಗ, ಹೊಸ ಕೋಡ್ ಎಷ್ಟೇ ಉದ್ದವಿರಲಿ, ನಾನು ಮೊದಲು ಹುಡುಕುವುದು ಇಂತಹ ಒಂದು ಸಾಲನ್ನು:

```
client.getBooleanValue("goni-tooka", true, context)
```

ನಡುವೆ ಇರುವ `true` ಡಿಫಾಲ್ಟ್ ಮೌಲ್ಯ. ಫ್ಲ್ಯಾಗ್ ಸರ್ವರಿನಿಂದ ಉತ್ತರ ಬಾರದಿದ್ದರೆ ಆ್ಯಪ್ ಇದನ್ನೇ ಉತ್ತರವೆಂದು ಹಿಡಿಯುತ್ತದೆ.

ಕಾಸರಗೋಡಿನ ಅಡಿಕೆ ಖರೀದಿ ಕೇಂದ್ರಗಳಿಗಾಗಿ ನಾವು ಮಾಡಿದ ಆ್ಯಪ್ ಮೊದಲು ಪ್ರತಿ ಗೋಣಿಗೆ ಒಂದು ಕಿಲೋ ಕಳೆದು ನಿವ್ವಳ ತೂಕ ತೋರಿಸುತ್ತಿತ್ತು. ಖಾಲಿ ಗೋಣಿಯನ್ನು ತೂಗಿ, ನಿಜವಾದ ತೂಕವನ್ನೇ ಕಳೆಯುವ ಹೊಸ ಲೆಕ್ಕವನ್ನು ಮೇಲಿನ ಸಾಲಿನೊಂದಿಗೆ ಮರ್ಜ್ ಮಾಡಿ, 40 ಕೇಂದ್ರಗಳ ಪೈಕಿ ಶೇಕಡಾ 5ಕ್ಕೆ ಮಾತ್ರ ತೆರೆದೆವು. ಮಳೆಗಾಲದಲ್ಲಿ ಮುಳ್ಳೇರಿಯದ ಕಡೆ ನೆಟ್‌ವರ್ಕ್ ಹೋದಾಗ, ಆ ಶೇಕಡಾ 5ರಲ್ಲಿ ಇಲ್ಲದ ಕೇಂದ್ರಗಳಲ್ಲಿಯೂ ಹೊಸ ಲೆಕ್ಕವೇ ನಡೆಯಿತು. ಗೋಣಿಯ ತೂಕ ನಮೂದಾಗದ ಕಡೆ ಸೊನ್ನೆ ಕಳೆದು, ಚೀಟಿಯಲ್ಲಿ ಗೋಣಿ ಸಮೇತ ತೂಕ ಮುದ್ರಣವಾಯಿತು. ಸರ್ವರಿನ ಫಲಕ ಮಾತ್ರ ಶೇಕಡಾ 5 ಎಂದೇ ತೋರಿಸುತ್ತಿತ್ತು, ಏಕೆಂದರೆ ತನ್ನನ್ನು ಕೇಳದೇ ಹೋದವರ ಲೆಕ್ಕ ಅದರ ಬಳಿ ಇರುವುದಿಲ್ಲ.

ಆದ್ದರಿಂದ ಹೊಸ ದಾರಿಯ ಡಿಫಾಲ್ಟ್ `false` ಆಗಿರಬೇಕು, ಸರ್ವರ್ ಸಿಗದ ಸ್ಥಿತಿಗೊಂದು ಟೆಸ್ಟ್ ಅದೇ ಪುಲ್ ರಿಕ್ವೆಸ್ಟಿನಲ್ಲಿ ಇರಬೇಕು. ಬರೀ ಮೌಲ್ಯದ ಬದಲು `getBooleanDetails` ಬಳಸಿ, ಅದು ಕೊಡುವ `reason` ಅನ್ನು ಪ್ರತಿ ಚೀಟಿಯ ಲಾಗಿನಲ್ಲಿ ಬರೆದರೆ, ಡಿಫಾಲ್ಟಿನಿಂದ ನಡೆದ ಚೀಟಿಗಳು `ERROR` ಎಂದು ಬೇರೆಯಾಗಿ ಕಾಣುತ್ತವೆ.

ಶೇಕಡಾವಾರು ಹಂಚಿಕೆಯೂ ಇಂತಹ ಸಣ್ಣ ಸಂಖ್ಯೆಗೆ ಹೊಂದುವುದಿಲ್ಲ. ಕೇಂದ್ರದ ಸಂಖ್ಯೆಯ ಹ್ಯಾಶ್ ನೋಡಿ ಆಯ್ಕೆ ನಡೆಯುವುದರಿಂದ 40ರಲ್ಲಿ ಎರಡು ಬರಬೇಕಾದಲ್ಲಿ ಒಂದೂ ಬಾರದಿರಬಹುದು, ಐದು ಬರಲೂಬಹುದು. ನೆಟ್‌ವರ್ಕ್ ಚೆನ್ನಾಗಿರುವ ಒಂದು ಮತ್ತು ದುರ್ಬಲವಾಗಿರುವ ಒಂದು ಕೇಂದ್ರವನ್ನು ಹೆಸರಿಸಿಯೇ ಆರಂಭಿಸುವುದು ಹೆಚ್ಚು ಸುರಕ್ಷಿತವೆಂಬುದು ನನ್ನ ಅಭಿಪ್ರಾಯ.

ಫ್ಲ್ಯಾಗನ್ನು ತೆಗೆದುಹಾಕುವ ದಿನಾಂಕ ಮತ್ತು ಅದಕ್ಕೆ ಹೊಣೆಯಾದವರ ಹೆಸರು ಇಲ್ಲದಿದ್ದರೆ ನಾನು ಮರ್ಜ್‌ಗೆ ಒಪ್ಪುವುದಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯಲ್ಲಿ ಹಳೆಯ ಫ್ಲ್ಯಾಗೊಂದನ್ನೇ ಹೊಸ ಕೆಲಸಕ್ಕೆ ಬಳಸಿದ್ದರು. ಎಂಟು ಸರ್ವರ್‌ಗಳಲ್ಲಿ ಒಂದರಲ್ಲಿ ಹಳೆಯ ಕೋಡ್ ಉಳಿದು ಎಚ್ಚೆತ್ತುಕೊಂಡದ್ದರಿಂದ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು.

ಆದರೆ ದಿನಾಂಕ ಬಂತೆಂದು ಫ್ಲ್ಯಾಗನ್ನು ಸರ್ವರಿನಿಂದ ಮೊದಲು ಅಳಿಸಬಾರದು. ಅಳಿಸಿದೊಡನೆ, ಹಳೆಯ ಆವೃತ್ತಿಯ ಆ್ಯಪ್ ಇರುವ ಫೋನುಗಳು ಡಿಫಾಲ್ಟಾದ `false`ಗೆ ಮರಳಿ, ಮತ್ತೆ ಗೋಣಿಗೊಂದು ಕಿಲೋ ಕಳೆಯತೊಡಗುತ್ತವೆ. ಹೊಸ ಲೆಕ್ಕವಷ್ಟೇ ಇರುವ ಆವೃತ್ತಿಯು ಎಲ್ಲ ಕೇಂದ್ರಗಳನ್ನು ತಲುಪಿ, ಎರಡು ವಾರ ಯಾವ ಫೋನೂ `goni-tooka` ಕೇಳಿಲ್ಲವೆಂದು ಲಾಗಿನಲ್ಲಿ ಖಚಿತವಾದ ಮೇಲೆ ಅದನ್ನು ಅಳಿಸುತ್ತೇವೆ.