01736 ಅಥವಾ 01786? ಚಲನ್ ಫೋಟೋ ಓದುವ ಬಗೆ

ತಿಂಗಳ 7ನೇ ತಾರೀಕು ಹತ್ತಿರ ಬಂತೆಂದರೆ ಆಡಿಟರ್ ಆಫೀಸಿನ ಮೊಬೈಲುಗಳಿಗೆ ಫೋಟೋ ಬರಲು ಶುರುವಾಗುತ್ತದೆ. "ಸಾರ್, ಟಿಡಿಎಸ್ ಕಟ್ಟಿದ್ದೀವಿ, ಚಲನ್ ಕಳಿಸಿದ್ದೀನಿ ನೋಡಿ." ಟಿಡಿಎಸ್ ಅಂದರೆ ಹಣ ಕೊಡುವಾಗಲೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ, ಚಲನ್ ಅದನ್ನು ಕಟ್ಟಿದ ರಸೀದಿ. ಆ ಫೋಟೋದಿಂದ ನಮಗೆ ಬೇಕಾಗುವುದು ನಾಲ್ಕೇ ವಿಷಯ: ಬ್ಯಾಂಕಿನ ಬಿಎಸ್‌ಆರ್ ಕೋಡ್, ಚಲನ್ ಸೀರಿಯಲ್ ನಂಬರ್, ಕಟ್ಟಿದ ದಿನ, ಮೊತ್ತ. ಈಗ ಫೋಟೋದಿಂದ ಅಕ್ಷರ ಓದುವ ಸಾಫ್ಟ್‌ವೇರ್ ಎಲ್ಲರ ಹತ್ತಿರವೂ ಇದೆ. ನಾಲ್ಕನ್ನೂ ಅದು ಎರಡು ಸೆಕೆಂಡಿನಲ್ಲಿ ಎತ್ತಿ ಕೊಡುತ್ತದೆ. ಅದು ಓದಿದ್ದು ಸರಿಯಾ ಅಂತ ತಿಳಿಯುವುದೇ ಕಷ್ಟದ ಕೆಲಸ.

ಬಿಎಸ್‌ಆರ್ ಕೋಡಿನಲ್ಲಿ 7 ಅಂಕಿ. ಮೊದಲ 3 ಬ್ಯಾಂಕನ್ನೂ ಉಳಿದ 4 ಶಾಖೆಯನ್ನೂ ಹೇಳುತ್ತವೆ. ಆ ಶಾಖೆಯಲ್ಲಿ ಆ ದಿನ ಕಟ್ಟಿದ ಚಲನ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಸೀರಿಯಲ್ ನಂಬರ್, ಅದರಲ್ಲಿ 5 ಅಂಕಿ. ಈ ಎರಡರ ಜೊತೆ ದಿನಾಂಕ ಸೇರಿದರೆ ಒಂದು ಚಲನ್‌ಗೆ ಪೂರ್ತಿ ಗುರುತು ಸಿಕ್ಕಿತು. ಜಿಎಸ್‌ಟಿ ನಂಬರಿನ ಕೊನೆಯ ಅಕ್ಷರ ಹಿಂದಿನವುಗಳಿಂದ ಲೆಕ್ಕ ಹಾಕಿ ಬಂದದ್ದು. ನಡುವೆ ಒಂದು ಅಂಕಿ ತಪ್ಪಿದರೆ ಆ ಲೆಕ್ಕ ಕೂಡುವುದಿಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಸೀರಿಯಲ್ ನಂಬರಿಗೆ ಅಂಥ ಕಾವಲು ಇಲ್ಲ. 01736ಕ್ಕೆ ಬದಲು 01786 ಅಂತ ಬರೆದರೆ ಅದೂ ನೋಡಲು ಅಷ್ಟೇ ಸರಿಯಾಗಿ ಕಾಣುತ್ತದೆ. ಆದ್ದರಿಂದ ನಂಬರನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಪ್ರಯೋಜನವಿಲ್ಲ. ಅದರ ಪರವಾಗಿ ಬೇರೆ ಯಾರಾದರೂ ಸಾಕ್ಷಿ ಹೇಳಬೇಕು.

ನಾನು ನೋಡಿದ ಒಂದು ಚಲನ್ ತೆಗೆದುಕೊಳ್ಳೋಣ. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿದ್ದೇನೆ. ಒಂದು ಪ್ರಿಂಟಿಂಗ್ ಪ್ರೆಸ್‌ನವರು 2023ರ ಸೆಪ್ಟೆಂಬರ್ 20ರಂದು ಕಟ್ಟಡದ ಕೆಲಸ ಮಾಡಿದ ಒಂದು ಕಂಪನಿಗೆ 9,30,000 ರೂಪಾಯಿಯ ಬಿಲ್ ಪಾವತಿ ಮಾಡಿದರು. ಶೇ. 2ರಂತೆ 18,600 ರೂಪಾಯಿ ಟಿಡಿಎಸ್ ಹಿಡಿದುಕೊಂಡರು. ಅದನ್ನು ಅಕ್ಟೋಬರ್ 7ರೊಳಗೆ ಕಟ್ಟಬೇಕಿತ್ತು. ಕಟ್ಟಿದ್ದು 9ಕ್ಕೆ. ರಸೀದಿಯ ಪ್ರಿಂಟ್ ತೆಗೆದು, ಮಡಿಸಿ ಜೇಬಿನಲ್ಲಿಟ್ಟುಕೊಂಡು, ಆಮೇಲೆ ಬಿಡಿಸಿ ಫೋಟೋ ಹೊಡೆದು ಕಳಿಸಿದ್ದರು. ಸಾಫ್ಟ್‌ವೇರ್ ಅದನ್ನು ಓದಿ ಎಕ್ಸೆಲ್‌ನಲ್ಲಿ ಹೀಗೆ ತುಂಬಿತು:

```
BSR Code    Challan No   Date          Amount
368214      1786         10-Sep-2023   19158
```

ಒಂದೇ ಸಾಲು, ಆದರೆ ತಪ್ಪುಗಳು ಬೇರೆ ಬೇರೆ ಜಾತಿಯವು. ಒಂದೊಂದನ್ನು ಹಿಡಿಯುವ ದಾರಿಯೂ ಬೇರೆ.

ಬಿಎಸ್‌ಆರ್ ಕೋಡಿನಲ್ಲಿ 6 ಅಂಕಿ ಮಾತ್ರ ಇದೆ. ಫೋಟೋದಲ್ಲಿದ್ದದ್ದು 0368214. ಓದುವಾಗ ಸೊನ್ನೆ ಬಿಟ್ಟುಹೋಗಿರಲಿಲ್ಲ. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆಯನ್ನು ತಿಂದುಹಾಕಿತ್ತು. ಸೀರಿಯಲ್‌ಗೂ ಅದೇ ಗತಿ. ಈ ಎರಡು ಕಾಲಮ್ಮುಗಳನ್ನು ಮೊದಲೇ "ಟೆಕ್ಸ್ಟ್" ಅಂತ ಗೊತ್ತುಮಾಡಿ, ಒಂದರಲ್ಲಿ 7 ಅಂಕಿ, ಇನ್ನೊಂದರಲ್ಲಿ 5 ಅಂಕಿ ಇಲ್ಲದಿದ್ದರೆ ಬಣ್ಣ ಬದಲಾಗುವಂತೆ ಮಾಡಿಟ್ಟರೆ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ದಿನಾಂಕದ ತಪ್ಪು ಇನ್ನೂ ಸೂಕ್ಷ್ಮ. ಫೋಟೋದಲ್ಲಿ 09/10/2023 ಅಂತ ಇತ್ತು. ಆ ಕಂಪ್ಯೂಟರಿನ ದಿನಾಂಕದ ಸೆಟ್ಟಿಂಗ್ ಅಮೆರಿಕದ್ದು, ತಿಂಗಳು ಮೊದಲು ಬರುವಂಥದ್ದು. ಹಾಗಾಗಿ ಅಕ್ಟೋಬರ್ 9 ಹೋಗಿ ಸೆಪ್ಟೆಂಬರ್ 10 ಆಯಿತು. ಎರಡೂ ಕ್ಯಾಲೆಂಡರಿನಲ್ಲಿರುವ ದಿನಗಳೇ, ಆಕಾರ ನೋಡಿದರೆ ತಪ್ಪು ಕಾಣುವುದಿಲ್ಲ. ಇಲ್ಲಿ ಸಾಕ್ಷಿ ಹೇಳಿದ್ದು ಲೆಡ್ಜರ್. ಟಿಡಿಎಸ್ ಹಿಡಿದದ್ದೇ ಸೆಪ್ಟೆಂಬರ್ 20ಕ್ಕೆ, ಅದನ್ನು ಹತ್ತು ದಿನ ಮೊದಲೇ ಕಟ್ಟಿರಲು ಸಾಧ್ಯವಿಲ್ಲ ಅಲ್ವಾ? ಈಗಿನ ಆನ್‌ಲೈನ್ ರಸೀದಿಯಲ್ಲಿ ಇನ್ನೊಂದು ಅನುಕೂಲವಿದೆ. `Tender Date` ಎದುರಿಗೆ ಬರೀ ಅಂಕಿಗಳಿದ್ದರೂ `Date of Deposit` ಎದುರಿಗೆ ತಿಂಗಳ ಹೆಸರು ಅಕ್ಷರದಲ್ಲಿರುತ್ತದೆ. ಓದಿಸುವುದಾದರೆ ಅದನ್ನೇ ಓದಿಸಬೇಕು.

ಅದೇ ರಸೀದಿಯಲ್ಲಿ ಹೊಸಬರು ಎಡವುವ ಜಾಗವೂ ಒಂದಿದೆ. `CIN` ಎಂಬ ಹೆಸರಿನ ಎದುರಿಗೆ ಒಂದು ಉದ್ದನೆಯ ನಂಬರ್ ಇರುತ್ತದೆ, ಕೊನೆಯಲ್ಲಿ ಬ್ಯಾಂಕಿನ ಇಂಗ್ಲಿಷ್ ಅಕ್ಷರಗಳು. ಗುರುತಿನ ಸಂಖ್ಯೆ ಎಂದರೆ ಇದೇ ಅಂದುಕೊಂಡು ಅದನ್ನೇ ಬರೆದುಕೊಳ್ಳುವವರಿದ್ದಾರೆ. ಟಿಡಿಎಸ್ ರಿಟರ್ನ್ ತುಂಬುವಾಗ ಕೇಳುವುದು ಅದನ್ನಲ್ಲ. ಅದಕ್ಕೆ ಬೇಕಾದದ್ದು `BSR code` ಮತ್ತು `Challan No` ಎದುರಿಗಿರುವ ಚಿಕ್ಕ ನಂಬರುಗಳು.

ಇನ್ನು ಮೊತ್ತ. ಫೋಟೋದಲ್ಲಿ 19,158, ಲೆಡ್ಜರ್‌ನಲ್ಲಿ ಬಾಕಿ 18,600. ಹೊಸ ಹುಡುಗರು ಇಲ್ಲಿ "ಓದಿದ್ದು ತಪ್ಪಿದೆ" ಅಂತ ಮೊತ್ತವನ್ನು ತಿದ್ದಲು ಹೋಗುತ್ತಾರೆ. ತಿದ್ದಬಾರದು. ಮೊದಲು ಚಲನ್‌ನ ಒಳಗೇ ಲೆಕ್ಕ ಕೂಡುತ್ತದಾ ನೋಡಬೇಕು. ಒಟ್ಟು ಮೊತ್ತದ ಕೆಳಗೆ ತೆರಿಗೆ, ಸರ್ಚಾರ್ಜ್, ಸೆಸ್, ಬಡ್ಡಿ, ದಂಡ, ಶುಲ್ಕ ಎಂದು ಬಿಡಿಬಿಡಿಯಾಗಿ ಇರುತ್ತದೆ. ಇಲ್ಲಿ ತೆರಿಗೆ 18,600, ಬಡ್ಡಿ 558, ಉಳಿದದ್ದೆಲ್ಲ ಸೊನ್ನೆ. ಕೂಡಿದರೆ ಸರಿಯಾಗಿ 19,158. ಅಕ್ಷರದಲ್ಲಿ ಬರೆದ ಮೊತ್ತವೂ ಅದನ್ನೇ ಹೇಳುತ್ತಿತ್ತು. ಮೂರು ಕಡೆ ಒಂದೇ ರೀತಿ ತಪ್ಪಿ ಓದುವುದು ತೀರಾ ಅಪರೂಪ. ಹಾಗಾಗಿ ಮೊತ್ತದ ಬಗ್ಗೆ ಅನುಮಾನ ಉಳಿಯಲಿಲ್ಲ.

ಹಾಗಾದರೆ 558 ಎಲ್ಲಿಂದ ಬಂತು? ಹಿಡಿದ ಟಿಡಿಎಸ್ ತಡವಾಗಿ ಕಟ್ಟಿದರೆ ತಿಂಗಳಿಗೆ ಶೇ. 1.5 ಬಡ್ಡಿ, ತಿಂಗಳ ತುಣುಕಿಗೂ ಪೂರ್ತಿ ತಿಂಗಳ ಲೆಕ್ಕ. ಅದು ಶುರುವಾಗುವುದು ಕೊನೆಯ ದಿನದಿಂದಲ್ಲ, ಹಿಡಿದ ದಿನದಿಂದ. ಆದಾಯ ತೆರಿಗೆ ಇಲಾಖೆಯ ಎಣಿಕೆಯಲ್ಲಿ ಸೆಪ್ಟೆಂಬರ್ ಒಂದು, ಅಕ್ಟೋಬರ್ ಒಂದು. ಎರಡು ದಿನ ತಡವಾದದ್ದಕ್ಕೆ ಎರಡು ತಿಂಗಳ ಬಡ್ಡಿ ಬಿತ್ತು. 18,600ಕ್ಕೆ ಶೇ. 3 ಅಂದರೆ 558. ಹೀಗಾಗಿ ಚಲನ್‌ನ ಒಟ್ಟು ಮೊತ್ತವನ್ನು ಹೋಲಿಸಬೇಕಾದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ. ಟಿಡಿಎಸ್ ಲೆಡ್ಜರ್ ಜೊತೆ ಹೋಲಿಸಬೇಕಾದದ್ದು ಒಳಗಿನ ತೆರಿಗೆಯ ಸಾಲನ್ನು. ಬಡ್ಡಿ ಬೇರೆ ಖಾತೆಗೆ ಹೋಗುತ್ತದೆ.

ಕೊನೆಗೆ ಉಳಿದದ್ದು ಸೀರಿಯಲ್. ಸೊನ್ನೆ ಸೇರಿಸಿದರೆ 01786. ಆಕಾರ ಸರಿ, ಲೆಡ್ಜರ್‌ಗೆ ಅದರ ಸುದ್ದಿಯೇ ಗೊತ್ತಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಅದು ಇರಲಿಲ್ಲ. ಇಲ್ಲಿ ಸಾಕ್ಷಿ ಹೇಳಬಲ್ಲದ್ದು ಇಲಾಖೆಯ ದಾಖಲೆ ಒಂದೇ. ಟಿಡಿಎಸ್ ಹಿಡಿಯುವವರಿಗೆ ಇಲಾಖೆ ಕೊಡುವ ಗುರುತು ಟ್ಯಾನ್ ನಂಬರ್. ಒಂದು ಟ್ಯಾನ್ ನಂಬರಿನಲ್ಲಿ ಕಟ್ಟಿದ ಚಲನ್‌ಗಳ ವಿವರವನ್ನು ಸಿಎಸ್‌ಐ ಎಂಬ ಫೈಲ್ ಆಗಿ ಇಳಿಸಿಕೊಳ್ಳಬಹುದು. ರಿಟರ್ನನ್ನು ಪರಿಶೀಲಿಸುವ ಎಫ್‌ವಿಯು ತಂತ್ರಾಂಶವೂ ಇದನ್ನೇ ಇಟ್ಟುಕೊಂಡು ತಾಳೆ ನೋಡುತ್ತದೆ. ಅದರಲ್ಲಿ 0368214, ಅಕ್ಟೋಬರ್ 9, ಎದುರಿಗೆ 01736. ಫೋಟೋವನ್ನು ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಕಾಗದ ಮಡಿಸಿದ ಗೆರೆ ನೇರವಾಗಿ ಆ 3ರ ಎಡಗಡೆ ಹಾದುಹೋಗಿತ್ತು. ಗೆರೆಯ ನೆರಳು ಬಾಯಿ ಮುಚ್ಚಿ 3 ಅನ್ನು 8 ಮಾಡಿತ್ತು.

ಮೊತ್ತ ಮತ್ತು ದಿನ ಸರಿಯಿದ್ದರೆ ಸಾಲದಾ, ಸೀರಿಯಲ್‌ಗೆ ಇಷ್ಟು ಒದ್ದಾಟ ಯಾಕೆ ಅಂತ ಕೇಳಬಹುದು. ತಿಂಗಳಿಗೆ 60,000 ಕಟ್ಟಡ ಬಾಡಿಗೆ ಕೊಡುವವರು ಶೇ. 10ರಂತೆ ಪ್ರತಿ ತಿಂಗಳೂ 6,000 ಟಿಡಿಎಸ್ ಕಟ್ಟುತ್ತಾರೆ. ಇಂಥ ಎರಡು ಕಟ್ಟಡಗಳದ್ದನ್ನು ಒಂದೇ ದಿನ, ಒಂದೇ ಬ್ಯಾಂಕಿನಲ್ಲಿ ಎರಡು ಚಲನ್ ಮಾಡಿ ಕಟ್ಟಿದರೆ ಸೀರಿಯಲ್ ಒಂದನ್ನು ಬಿಟ್ಟು ಉಳಿದ ಮೂರೂ ಒಂದೇ. ಗೊತ್ತಿಲ್ಲದೆ ಎರಡು ಸಲ ಕಟ್ಟಿದ್ದರೂ ಹಾಗೇ. ಸೀರಿಯಲ್ ನೋಡದೆ ಹೊಂದಿಸಿದರೆ ಒಂದೇ ಚಲನ್‌ನ ಫೋಟೋ ಎರಡು ಸಲ ಬಂದಿದೆಯಾ, ನಿಜವಾಗಿ ಎರಡು ಸಲ ದುಡ್ಡು ಹೋಗಿದೆಯಾ ತಿಳಿಯುವುದಿಲ್ಲ.

ಪ್ರೆಸ್‌ನವರಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ. ಮುಂದಿನ ಸಲ ಪ್ರಿಂಟ್ ತೆಗೆದು ಫೋಟೋ ಹೊಡೆಯಬೇಡಿ, ಪೋರ್ಟಲ್‌ನಿಂದ ಇಳಿಸಿದ ಪಿಡಿಎಫ್ಫನ್ನೇ ಕಳಿಸಿ. ಅದರಲ್ಲಿ ಅಂಕಿಗಳು ಚಿತ್ರವಾಗಿರುವುದಿಲ್ಲ, ಅಕ್ಷರವಾಗಿಯೇ ಇರುತ್ತವೆ. ನೇರ ಕಾಪಿ ಮಾಡಬಹುದು.